ಖಾಲಿ ಬೇರೆ, ಸೊನ್ನೆ ಬೇರೆ

ಜುಲೈ ಮೊದಲ ವಾರ. ಲೈಬ್ರರಿ ಎದುರಿನ ಮೆಟ್ಟಿಲ ಮೇಲೆ ಕೂತು ಟಿಫನ್ ಡಬ್ಬಿ ತೆಗೆಯುತ್ತಿದ್ದೆ. ಫಸ್ಟ್ ಪಿಯುಸಿಯ ಒಬ್ಬ ಹುಡುಗಿ ಓಡುತ್ತಾ ಬಂದು, ತನ್ನ ಅಬ್ಬಾನ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಆಪಾ, ಮೇರಾ ಹಾಲ್ ಟಿಕೆಟ್ ನೈ ಆತಾ ಕ್ಯಾ?" ಎಂದಳು. ಕಣ್ಣಲ್ಲಿ ನೀರಿತ್ತು.

ಫೋನಿನಲ್ಲಿ ನಮ್ಮ ಬ್ರಿಡ್ಜ್ ಕೋರ್ಸ್‌ನ ಹಾಜರಿ ಪುಟ ತೆರೆದಿತ್ತು. ನಡೆದ ತರಗತಿಗಳು 20, ಕೊನೆಯ ಸಾಲಿನಲ್ಲಿ 70.0%. ಪರೀಕ್ಷೆಗೆ ಕೂರಲು 75% ಹಾಜರಿ ಬೇಕು ಎಂಬುದು ಪಿಯುಸಿಗೆ ಸೇರಿದ ಮೊದಲ ದಿನವೇ ಎಲ್ಲರಿಗೂ ಗೊತ್ತಾಗುವ ವಿಷಯ. ಅವಳ ಅಬ್ಬಾ ಹಿಂದಿನ ರಾತ್ರಿ ಈ ಪುಟ ನೋಡಿ, "ಮನೆಯಿಂದ ದಿನಾ ಹೊರಡ್ತೀಯ, ಕಾಲೇಜಿಗೆ ಹೋಗದೆ ಎಲ್ಲಿಗೆ ಹೋಗ್ತೀಯ?" ಎಂದು ಕೇಳಿದ್ದರಂತೆ.

ಆದರೆ ಆ ಹುಡುಗಿ ಒಂದು ದಿನವೂ ತರಗತಿ ತಪ್ಪಿಸಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಪುಟವನ್ನು ಸಿದ್ಧಮಾಡಿದವಳೂ ನಾನೇ.

ಈ ಲೇಖನ ಆ 70 ಎಲ್ಲಿಂದ ಬಂತು ಎಂಬುದರ ಬಗ್ಗೆ. ಇದರಲ್ಲಿ ಬರುವ ಅಂಕಗಳನ್ನು ಯಾರದು ಎಂದು ತಿಳಿಯದ ಹಾಗೆ ಬದಲಿಸಿದ್ದೇನೆ. ಈ ಹುಡುಗಿಯ ಲೆಕ್ಕವನ್ನು ಮಾತ್ರ ಅವಳನ್ನು ಕೇಳಿಯೇ ಬರೆದಿದ್ದೇನೆ.

ಎಸ್‌ಎಸ್‌ಎಲ್‌ಸಿ ಮುಗಿಸಿ ಕಾಮರ್ಸ್‌ಗೆ ಬರುವವರಿಗೆ ಡೆಬಿಟ್, ಕ್ರೆಡಿಟ್ ಎಂದರೆ ಮೊದಲ ತಿಂಗಳು ಏನೂ ಅರ್ಥವಾಗುವುದಿಲ್ಲ. ನನಗೂ ಆಗಿರಲಿಲ್ಲ. ಅದಕ್ಕಾಗಿ ನಮ್ಮ ಅಕೌಂಟೆನ್ಸಿ ಸರ್ ಜೂನ್‌ನಲ್ಲಿ ಆರು ವಾರದ ಬ್ರಿಡ್ಜ್ ಕೋರ್ಸ್ ಶುರುಮಾಡಿದರು. ಬೆಳಿಗ್ಗೆ 8:30ಕ್ಕೆ ಒಂದು ತರಗತಿ, ವಾರಕ್ಕೆ ಐದು ದಿನ, ಶುಕ್ರವಾರ ಮತ್ತು ಭಾನುವಾರ ಬಿಟ್ಟು. ವಾರಕ್ಕೊಂದು ಅಸೈನ್‌ಮೆಂಟ್. ಹೆಸರು ಕೊಟ್ಟವರು 32 ಜನ. ಕಾಲೇಜಿನ ಮೂಡಲ್‌ನಲ್ಲಿ ಇದಕ್ಕೊಂದು ಕೋರ್ಸ್ ಸಿದ್ಧಮಾಡಿಕೊಡಲು ಸರ್ ನನಗೆ ಹೇಳಿದರು.

ಮೂಡಲ್ ಎಂದರೆ ಪಾಠ, ಅಸೈನ್‌ಮೆಂಟ್, ಅಂಕಪಟ್ಟಿ ಎಲ್ಲವನ್ನೂ ಒಂದೇ ಕಡೆ ಇಡುವ ತಂತ್ರಾಂಶ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಎಂಬುವರು ಇದರ ಮೊದಲ ಆವೃತ್ತಿಯನ್ನು 2002ರಲ್ಲಿ ಹೊರತಂದರು. ಇದು ಉಚಿತ, ಯಾವ ಕಾಲೇಜು ಬೇಕಾದರೂ ತನ್ನ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಹಾಜರಿ ಹಾಕುವ ಸೌಲಭ್ಯ ಮಾತ್ರ ಅದರ ಜೊತೆಗೆ ಬರುವುದಿಲ್ಲ. "Attendance" ಎಂಬ ಪ್ಲಗಿನ್ ಅನ್ನು ಕಂಪ್ಯೂಟರ್ ಲ್ಯಾಬಿನ ಮೇಡಂ ಬೇರೆಯಾಗಿ ಹಾಕಿಕೊಟ್ಟರು.

ಸರ್ ಆ ಒಂದು ಕೋರ್ಸ್‌ನಲ್ಲಿ ಮಾತ್ರ ನನಗೆ "Teacher" ಪಾತ್ರ ಕೊಟ್ಟರು. ಅಂಕ ಹಾಕುವುದು, ಹಾಜರಿ ತೆಗೆಯುವುದು ಅವರ ಕೆಲಸ. ಪುಟಗಳನ್ನು ಜೋಡಿಸುವುದು ನನ್ನ ಕೆಲಸ. ಆದರೆ ಆ ಪಾತ್ರ ಇದ್ದವರಿಗೆ ಎಲ್ಲರ ಅಂಕವೂ ಕಾಣುತ್ತದೆ. "ಇದು ಅಮಾನತ್. ಅಲ್ಲಿ ನೋಡಿದ್ದು ಅಲ್ಲೇ ಇರಬೇಕು, ಕ್ಯಾಂಟೀನಿಗೆ ಬರಬಾರದು" ಎಂದು ಸರ್ ಹೇಳಿದರು.

ಆರು ಅಸೈನ್‌ಮೆಂಟ್‌ಗಳನ್ನು ಮೊದಲ ದಿನವೇ ಮಾಡಿಟ್ಟೆ. ಪ್ರತಿಯೊಂದಕ್ಕೂ 10 ಅಂಕ. ನೋಟ್‌ಬುಕ್ಕಿನಲ್ಲಿ ಜರ್ನಲ್ ಎಂಟ್ರಿ ಬರೆದು, ಫೋಟೋ ತೆಗೆದು ಹಾಕುವುದು. ಇಲ್ಲಿ ಎರಡು ದಿನಾಂಕಗಳಿವೆ, ಅವು ಒಂದೇ ಅಲ್ಲ. "Due date" ಎಂದರೆ ಕೊಡಬೇಕಾದ ದಿನ. ಅದು ದಾಟಿದ ಮೇಲೂ ಕೊಡಬಹುದು, ತಡ ಎಂದು ಕೆಂಪಕ್ಷರದಲ್ಲಿ ತೋರಿಸುತ್ತದೆ ಅಷ್ಟೇ. "Cut-off date" ದಾಟಿದರೆ ಬಾಗಿಲು ಮುಚ್ಚಿತು. ಶನಿವಾರ ರಾತ್ರಿ ಕೊಡುವ ದಿನ, ಮುಂದಿನ ಬುಧವಾರ ಬಾಗಿಲು ಮುಚ್ಚುವ ದಿನ ಎಂದು ಇಟ್ಟೆವು. ಮನೆಯಲ್ಲಿ ಒಂದೇ ಫೋನ್ ಇರುವವರಿಗೆ ಭಾನುವಾರ ಅದು ಕೈಗೆ ಸಿಗುತ್ತದೆ ಎಂಬ ಲೆಕ್ಕ.

ಹಾಜರಿಗೆ ತರಗತಿಗಳನ್ನು ಒಂದೊಂದಾಗಿ ಸೇರಿಸಬೇಕಿಲ್ಲ. "Add session" ಪುಟದಲ್ಲಿ ಮೊದಲ ತರಗತಿಯ ದಿನ ಮತ್ತು ಸಮಯ ಹಾಕಿ, ಯಾವ ಯಾವ ವಾರದ ದಿನ, ಎಲ್ಲಿಯವರೆಗೆ ಎಂದು ಗುರುತು ಮಾಡಿದರೆ ಆರು ವಾರದ್ದೂ ಒಟ್ಟಿಗೆ ಬರುತ್ತದೆ. ಬಕ್ರೀದ್ ದಿನದ ತರಗತಿಯೂ ಬಂದಿತ್ತು. ಅದನ್ನು ಅಳಿಸಿ ಬೇರೆ ದಿನಕ್ಕೆ ಹಾಕಿದೆ.

ಹುಡುಗಿಯರೇ ಫೋನಿನಲ್ಲಿ ಹಾಜರಿ ಹಾಕಿಕೊಳ್ಳುವ ವ್ಯವಸ್ಥೆಯೂ ಇದೆ. ಬೋರ್ಡ್ ಮೇಲೆ ಒಂದು ಪಾಸ್‌ವರ್ಡ್ ಬರೆದರೆ ಸಾಕು. ಎರಡನೇ ದಿನ ಪ್ರಯೋಗ ಮಾಡಿ ನೋಡಿದೆವು. ಪಾಸ್‌ವರ್ಡ್ ವಾಟ್ಸಾಪ್ ಗ್ರೂಪಿಗೆ ಹೋಯಿತು, ಮನೆಯಲ್ಲಿ ಮಲಗಿದ್ದವಳೂ ಹಾಜರಾದಳು. ಒಂದೇ ಐಪಿ ವಿಳಾಸದಿಂದ ಇಬ್ಬರು ಹಾಕಬಾರದು ಎಂಬ ಆಯ್ಕೆ ಒತ್ತಿದೆ. ಆದರೆ ಕಾಲೇಜಿನ ವೈಫೈನಲ್ಲಿರುವ ಎಲ್ಲರಿಗೂ ಹೊರಗಿನಿಂದ ನೋಡಿದರೆ ಒಂದೇ ವಿಳಾಸ. ಮೊದಲನೆಯವಳು ಹಾಕಿದ ಮೇಲೆ ಉಳಿದವರಿಗೆಲ್ಲ ತಡೆ ಬಿತ್ತು. ಕೊನೆಗೆ ಸರ್ ತಾವೇ ತೆಗೆಯತೊಡಗಿದರು. ಎಲ್ಲರಿಗೂ ಒಮ್ಮೆಲೇ P ಒತ್ತಿ, ಬಾರದವರನ್ನು ಮಾತ್ರ ಬದಲಿಸಿದರೆ 32 ಜನಕ್ಕೆ ಎರಡು ನಿಮಿಷವೂ ಬೇಡ.

ಎಲ್ಲ ಸರಿಯಾಯಿತು ಎಂದುಕೊಂಡೆ. ಆದರೆ ನಾನು ಮುಟ್ಟದೆ ಬಿಟ್ಟ ಮೂರು ಜಾಗಗಳಿದ್ದವು. ಆ ಮೂರು ಕಡೆ ನಮ್ಮ ಬದಲು ಮೂಡಲ್ ತಾನೇ ತೀರ್ಮಾನ ಮಾಡಿಬಿಟ್ಟಿತ್ತು.

ಮೊದಲನೆಯದು ಎರಡನೇ ವಾರದ ಕೊನೆಗೆ ಸಿಕ್ಕಿತು. ಒಟ್ಟು ಅಂಕದ ಪಟ್ಟಿಯಲ್ಲಿ ಒಬ್ಬಳು ಹುಡುಗಿ 87.5% ಪಡೆದು ಮೇಲಿದ್ದಳು. ಅವಳ ಎರಡು ಅಸೈನ್‌ಮೆಂಟ್‌ಗಳ ಅಂಕ 3 ಮತ್ತು 2. ಇನ್ನೊಬ್ಬಳಿಗೆ 9 ಮತ್ತು 10 ಬಂದಿತ್ತು, ಅವಳು 74.2% ಪಡೆದು ಕೆಳಗಿದ್ದಳು. ಸರ್ ಕನ್ನಡಕ ಮೇಲಕ್ಕೆ ಸರಿಸಿ ಮತ್ತೆ ನೋಡಿದರು. ಒಂದು ಹಾಳೆ ತೆಗೆದು ಕೈಯಲ್ಲೇ ಲೆಕ್ಕ ಹಾಕಿದೆವು.

ಮೂಡಲ್‌ನ ಅಂಕಪಟ್ಟಿ ಸಾಮಾನ್ಯವಾಗಿ ಪಡೆದ ಅಂಕಗಳನ್ನೆಲ್ಲ ಕೂಡಿ, ಗರಿಷ್ಠ ಅಂಕಗಳ ಮೊತ್ತದಿಂದ ಭಾಗಿಸುತ್ತದೆ. ಅಸೈನ್‌ಮೆಂಟ್‌ಗೆ 10 ಎಂದು ನಾನೇ ಬರೆದಿದ್ದೆ. ಹಾಜರಿಯ ಪುಟದಲ್ಲಿ "Grade" ಎಂಬ ಜಾಗವನ್ನು ನೋಡಿಯೇ ಇರಲಿಲ್ಲ. ಅಲ್ಲಿ ಮೊದಲಿಂದ ಇದ್ದದ್ದು 100. ಹಾಗಾಗಿ ಎರಡು ಅಸೈನ್‌ಮೆಂಟ್ ಸೇರಿ 20, ಹಾಜರಿ ಒಂದೇ 100. ಪೂರ್ತಿ ಹಾಜರಿ ಇದ್ದವಳಿಗೆ 5 ಮತ್ತು 100 ಸೇರಿ 120ಕ್ಕೆ 105. ಹತ್ತರಲ್ಲಿ ಮೂರು ದಿನ ಬಾರದವಳಿಗೆ 19 ಮತ್ತು 70 ಸೇರಿ 120ಕ್ಕೆ 89. ಬೆಂಚಿನ ಮೇಲೆ ಕೂತದ್ದಕ್ಕೆ ಜರ್ನಲ್ ಎಂಟ್ರಿಗಿಂತ ಐದು ಪಟ್ಟು ಬೆಲೆ ಬಂದಿತ್ತು.

ಹಾಜರಿಯ 100ನ್ನು 10 ಮಾಡಿದೆವು. ಮೊದಲನೆಯವಳದು 30ಕ್ಕೆ 15, ಅಂದರೆ 50%. ಎರಡನೆಯವಳದು 30ಕ್ಕೆ 26, ಅಂದರೆ 86.7%. ಅವರಿಬ್ಬರೂ ಮಾಡಿದ ಕೆಲಸ ಅಷ್ಟೇ ಇತ್ತು. ಒಂದು ಅಂಕಿ ಬದಲಾಗಿದ್ದಕ್ಕೆ ಇಬ್ಬರ ಜಾಗ ಅದಲುಬದಲಾಯಿತು.

ಎರಡನೆಯದು ಮೂರನೇ ವಾರ. ಅಷ್ಟರಲ್ಲಿ ಅಸೈನ್‌ಮೆಂಟ್‌ಗಳನ್ನು ಒಂದು ವಿಭಾಗ ಮಾಡಿ ಅದರ ಮೊತ್ತ ಬೇರೆ ಕಾಣುವಂತೆ ಇಟ್ಟಿದ್ದೆ. ಅಲ್ಲಿ ಒಬ್ಬಳಿಗೆ 90% ಇತ್ತು. ಅವಳು ಮೊದಲ ಅಸೈನ್‌ಮೆಂಟ್ ಒಂದನ್ನೇ ಕೊಟ್ಟು 9 ತೆಗೆದುಕೊಂಡು, ಆಮೇಲೆ ಏನೂ ಕೊಟ್ಟಿರಲಿಲ್ಲ. ಮೂರನ್ನೂ ಕೊಟ್ಟು 8, 7, 6 ತೆಗೆದುಕೊಂಡವಳಿಗೆ 70%. ಕೆಲಸ ಮಾಡದಿದ್ದರೆ ಶೇಕಡಾ ಹೆಚ್ಚಾಗುತ್ತದೆ ಎಂದು ಹುಡುಗಿಯರು ಕಂಡುಹಿಡಿಯಲು ಎಷ್ಟು ದಿನ ಬೇಕು?

ಇದಕ್ಕೆ ಕಾರಣ "Exclude empty grades" ಎಂಬ ಒಂದು ಟಿಕ್ ಗುರುತು. ಅದು ಮೊದಲಿಂದಲೇ ಹಾಕಿರುತ್ತದೆ. ಅಂಕದ ಮನೆ ಖಾಲಿ ಇದ್ದರೆ ಮೂಡಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 10ಕ್ಕೆ 9, ಆದ್ದರಿಂದ 90%.

ನಾನು ತಕ್ಷಣ ಟಿಕ್ ತೆಗೆದುಬಿಟ್ಟೆ. ಆಗ ಇನ್ನೂ ಕೆಟ್ಟದಾಯಿತು. ಮುಂದಿನ ವಾರಗಳ ಅಸೈನ್‌ಮೆಂಟ್‌ಗಳೂ ಆಗಲೇ ಪಟ್ಟಿಯಲ್ಲಿದ್ದವಲ್ಲ, ಇನ್ನೂ ಬರೆಯದೇ ಇರುವ ಆ ಮೂರಕ್ಕೂ ಸೊನ್ನೆ ಎಂದು ಲೆಕ್ಕವಾಯಿತು. 8, 7, 6 ತೆಗೆದವಳು 60ಕ್ಕೆ 21, ಅಂದರೆ 35%ಗೆ ಇಳಿದಳು. ಹತ್ತು ನಿಮಿಷದಲ್ಲಿ ನನಗೆ ನಾಲ್ಕು ಮೆಸೇಜ್ ಬಂದವು. ಟಿಕ್ ಮತ್ತೆ ಹಾಕಿದೆ.

ಆ ರಾತ್ರಿ ಅಬ್ಬಾಗೆ ಈ ಕಥೆ ಹೇಳಿದೆ. ಅವರದು ಕಿರಾಣಿ ಅಂಗಡಿ. ಅವರು ಉದ್ರಿ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. ಬಾಕಿ ತೀರಿಸಿದವರ ಹೆಸರಿನ ಮುಂದೆ ಸೊನ್ನೆ ಬರೆದು ಗೆರೆ ಎಳೆದಿದ್ದರು. ಲೆಕ್ಕ ಇನ್ನೂ ಮಾಡದವರ ಮುಂದೆ ಜಾಗ ಖಾಲಿ. "ಖಾಲಿ ಬಿಟ್ಟಿದ್ದನ್ನ ಸೊನ್ನೆ ಅಂದುಕೊಂಡರೆ ಅಂಗಡಿ ಮುಚ್ಚಬೇಕಾಗುತ್ತೆ. ಯಾವಾಗ ಸೊನ್ನೆ ಬರೀಬೇಕು ಅನ್ನೋದನ್ನ ಪುಸ್ತಕ ಹೇಳಲ್ಲ, ನಾನೇ ಕೂತು ಬರೀಬೇಕು" ಎಂದರು.

ಮೂಡಲ್‌ನಲ್ಲೂ ಉತ್ತರ ಅದೇ. ಟಿಕ್ ಇರಲಿ. ಬುಧವಾರ ಬಾಗಿಲು ಮುಚ್ಚಿದ ಮೇಲೆ, ಕೊಡದೇ ಇದ್ದವರಿಗೆ ಸರ್ ತಾವೇ ಸೊನ್ನೆ ಹಾಕುತ್ತಾರೆ. ಹಾಗೆ ಮಾಡಿದಾಗ ಆ 90%, 30ಕ್ಕೆ 9 ಆಗಿ 30%ಗೆ ಬಂತು. ಜ್ವರ ಬಂದು ಒಂದು ಅಸೈನ್‌ಮೆಂಟ್ ಕೊಡಲಾಗದವಳದು ಖಾಲಿಯಾಗಿಯೇ ಉಳಿಯಿತು. ಅವಳದು 8 ಮತ್ತು 7, ಅಂದರೆ 20ಕ್ಕೆ 15. ಖಾಲಿ ಮನೆಯ ನಿಜವಾದ ಉಪಯೋಗ ಇದು.

ಸೊನ್ನೆಯನ್ನು ಎಲ್ಲಿ ಬರೆಯುತ್ತೇವೆ ಎಂಬುದೂ ಮುಖ್ಯ. ಸರ್ ಮೊದಲು ಒಟ್ಟು ಅಂಕಪಟ್ಟಿಯಲ್ಲೇ ನೇರವಾಗಿ ಬರೆದರು. ಆಮೇಲೆ ಒಬ್ಬಳಿಗೆ ಎರಡು ದಿನ ಹೆಚ್ಚು ಕೊಟ್ಟರು, ಅವಳು ಫೋಟೋ ಹಾಕಿದಳು, ಅಸೈನ್‌ಮೆಂಟ್ ಪುಟದಲ್ಲಿ 7 ಎಂದು ಹಾಕಿದರು. ಆದರೆ ಅಂಕಪಟ್ಟಿಯಲ್ಲಿ ಸೊನ್ನೆಯೇ ಉಳಿಯಿತು. ಅಂಕಪಟ್ಟಿಯಲ್ಲಿ ಕೈಯಾರೆ ಬರೆದದ್ದನ್ನು ಮೂಡಲ್ ಶಿಕ್ಷಕರ ಅಂತಿಮ ಮಾತು ಎಂದು ತಿಳಿಯುತ್ತದೆ, ಆ ಮನೆಗೆ ಬೇರೆ ಬಣ್ಣ ಬರುತ್ತದೆ, ಅಸೈನ್‌ಮೆಂಟ್‌ನಿಂದ ಬರುವ ಹೊಸ ಅಂಕ ಅದರೊಳಗೆ ಹೋಗುವುದಿಲ್ಲ. "Overridden" ಎಂಬ ಗುರುತು ತೆಗೆದ ಮೇಲೆ 7 ಬಂತು. ಅಂದಿನಿಂದ ಸೊನ್ನೆಯನ್ನೂ ಅಸೈನ್‌ಮೆಂಟ್ ಪುಟದಲ್ಲೇ ಬರೆಯುತ್ತೇವೆ.

ಈಗ ಮೆಟ್ಟಿಲ ಮೇಲಿನ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅದು ಮೂರನೆಯದು.

ಹಾಜರಿ ಪ್ಲಗಿನ್‌ನಲ್ಲಿ ಮೊದಲಿಂದ ನಾಲ್ಕು ಗುರುತುಗಳಿರುತ್ತವೆ. P ಎಂದರೆ ಹಾಜರು, L ಎಂದರೆ ತಡ, E ಎಂದರೆ ಅನುಮತಿ ಪಡೆದು ರಜೆ, A ಎಂದರೆ ಗೈರು. ಒಂದೊಂದಕ್ಕೂ ಒಂದು ಅಂಕ ಇರುತ್ತದೆ. P ಗೆ 2, L ಗೆ 1, E ಗೆ 1, A ಗೆ 0. ನಾನು ಆ ಪುಟ ತೆರೆದು, ನೋಡಿ, ಮುಚ್ಚಿದ್ದೆ. ಸರಿಯಾಗೇ ಇದೆ ಅನ್ನಿಸಿತ್ತು.

ಅವಳ ಊರಿನ ಬಸ್ಸು ಸ್ಟ್ಯಾಂಡಿಗೆ ಬರುವುದೇ 8:30ಕ್ಕೆ. ಅಲ್ಲಿಂದ ನಡೆದು ಬರುವಾಗ 8:40. ಅದಕ್ಕಿಂತ ಮುಂಚೆ ಬೇರೆ ಬಸ್ಸಿಲ್ಲ. ಯಾರಾದರೂ ಬೈಕಿನಲ್ಲಿ ಬಿಟ್ಟ ದಿನ ಮಾತ್ರ ಸಮಯಕ್ಕೆ ಬರುತ್ತಿದ್ದಳು. 20 ತರಗತಿಗಳಲ್ಲಿ 8 P, 12 L, ಒಂದೂ A ಇಲ್ಲ. 8 P ಗೆ 16, 12 L ಗೆ 12, ಒಟ್ಟು 28. ಪೂರ್ತಿ ಅಂಕ 40. 40ಕ್ಕೆ 28 ಅಂದರೆ 70%.

ಅಂದರೆ ಮೂಡಲ್ ಅವಳ ಹಾಜರಿಯನ್ನು ತಪ್ಪಾಗಿ ಕೂಡಿರಲಿಲ್ಲ. ಅದು ತೋರಿಸುತ್ತಿದ್ದದ್ದು ಹಾಜರಾದ ದಿನಗಳ ಶೇಕಡಾ ಅಲ್ಲ, ಅಂಕಗಳ ಶೇಕಡಾ. ದಿನಾ ಹತ್ತು ನಿಮಿಷ ತಡವಾಗಿ ಬರುವವಳು ಇಡೀ ವರ್ಷ ಬಂದರೂ 50% ಎಂದೇ ತೋರಿಸುತ್ತದೆ. ಎರಡು ದಿನಕ್ಕೊಮ್ಮೆ ಸಮಯಕ್ಕೆ ಸರಿಯಾಗಿ ಬಂದು, ಉಳಿದ ದಿನ ಮನೆಯಲ್ಲಿದ್ದವಳಿಗೂ 50%. ಇವರಿಬ್ಬರೂ ಒಂದೇ ಎಂದು ನಾವು ಯಾರೂ ಹೇಳುವುದಿಲ್ಲ. ಆದರೆ ನಮ್ಮ ಪುಟ ಹೇಳುತ್ತಿತ್ತು.

ಅವಳಿಗೆ ಅಲ್ಲೇ ಹೇಳಿದೆ, ಹಾಲ್ ಟಿಕೆಟ್‌ಗೆ ಬೇಕಾದ ಹಾಜರಿ ಕಾಲೇಜಿನ ರಿಜಿಸ್ಟರ್‌ನಲ್ಲಿದೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು. ಅವಳು ತಲೆಯಾಡಿಸಿದಳು. "ಅಬ್ಬಾಗೆ ಯಾರು ಹೇಳ್ತಾರೆ?" ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಇಬ್ಬರೂ ಸ್ಟಾಫ್ ರೂಮಿಗೆ ಹೋದೆವು.

ಸರ್ ಪೂರ್ತಿ ಕೇಳಿಸಿಕೊಂಡು, ಮೊದಲು ಅವಳ ಅಬ್ಬಾಗೆ ಫೋನ್ ಮಾಡಿದರು. ಆಮೇಲೆ ನಾವು ಗುರುತುಗಳ ಪುಟ ತೆರೆದೆವು. L ಗೆ 2 ಕೊಟ್ಟೆವು. L ಎಂಬ ಗುರುತು ಹಾಗೇ ಉಳಿಯುತ್ತದೆ, ಯಾರು ಯಾವ ದಿನ ತಡ ಎಂಬುದು ಕಾಣುತ್ತದೆ, ಆದರೆ ಅಂಕ ಕಡಿಮೆಯಾಗುವುದಿಲ್ಲ. "ತಡವಾಗಿ ಬಂದರೆ ಕರೆದು ಕೇಳೋಣ, ಅಂಕ ಕಳೆಯೋದು ಬೇಡ" ಎಂದರು ಸರ್. E ಗೂ 2 ಕೊಟ್ಟೆವು, ಏಕೆಂದರೆ ಜ್ವರಕ್ಕೆ ದಂಡ ಹಾಕುವುದು ನಮ್ಮ ಉದ್ದೇಶವಲ್ಲ. ಆದರೆ ಹೀಗೆ ಮಾಡಿದಾಗ ರಜೆ ಹಾಕಿದವಳೂ ಆ ದಿನ ಬಂದವಳ ಹಾಗೆ ಲೆಕ್ಕಕ್ಕೆ ಬರುತ್ತಾಳೆ, ಆ ಶೇಕಡಾ ರಿಜಿಸ್ಟರ್‌ಗೆ ಹೊಂದುವುದೇ ಇಲ್ಲ. ಹಾಗಾಗಿ ಹಾಜರಿ ಪುಟದ ತಲೆಯಲ್ಲಿ ಕನ್ನಡ ಮತ್ತು ಉರ್ದು ಎರಡರಲ್ಲೂ ಒಂದು ಸಾಲು ಬರೆದೆ: "ಇದು ಬ್ರಿಡ್ಜ್ ಕೋರ್ಸ್‌ನ 10 ಅಂಕಕ್ಕೆ ಮಾತ್ರ. ಪರೀಕ್ಷೆಗೆ ಬೇಕಾದ ಹಾಜರಿ ಕಾಲೇಜಿನ ರಿಜಿಸ್ಟರ್‌ನಲ್ಲಿದೆ." ಆರು ವಾರದಲ್ಲಿ ನಾನು ಮಾಡಿದ ಕೆಲಸದಲ್ಲಿ ಎಲ್ಲಕ್ಕಿಂತ ಉಪಯೋಗವಾದದ್ದು ಬಹುಶಃ ಆ ಸಾಲು. ಅದನ್ನು ಮೊದಲ ದಿನವೇ ಬರೆಯಬೇಕಿತ್ತು.

ಅಷ್ಟು ಮಾಡಿ, ಹಾಜರಿಯ ರಿಪೋರ್ಟ್ ಒಮ್ಮೆ ಪೂರ್ತಿ ನೋಡಿದೆವು. ಆಗ ಸರ್ ಬೆರಳಿಟ್ಟು ತೋರಿಸಿದರು. L ಗುರುತುಗಳು ಎಲ್ಲ ಕಡೆ ಚದುರಿರಲಿಲ್ಲ. ಐದು ಜನರ ಹೆಸರಿನ ಮುಂದೆಯೇ ಹೆಚ್ಚಾಗಿದ್ದವು. ಐದೂ ಜನ ಅದೇ ಬಸ್ಸಿನವರು. ನಾಲ್ಕು ವಾರದಿಂದ ಆ ಪಟ್ಟಿ ಅಲ್ಲೇ ಇತ್ತು. ನಾವು ಕೊನೆಯ ಶೇಕಡಾ ಮಾತ್ರ ನೋಡುತ್ತಿದ್ದೆವು, ಅದರ ಹಿಂದಿನ ಸಾಲುಗಳನ್ನು ನೋಡಿರಲಿಲ್ಲ. ಉಳಿದ ಎರಡು ವಾರ ತರಗತಿಯನ್ನು 8:45ಕ್ಕೆ ಇಟ್ಟರು. ಆ ಐವರಲ್ಲಿ ಆಮೇಲೆ L ಬಂದದ್ದು ಒಂದೇ ದಿನ, ಬಸ್ಸು ಕೆಟ್ಟು ನಿಂತ ದಿನ.

ಟ್ರಯಲ್ ಬ್ಯಾಲೆನ್ಸ್ ಪಾಠದಲ್ಲಿ ಸರ್ ನಮಗೆ ಹೇಳುವ ಒಂದು ಮಾತಿದೆ. ಎರಡೂ ಕಡೆ ತಾಳೆಯಾಯಿತು ಎಂದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಯಂತ್ರ ಖರೀದಿಯನ್ನು ಸರಕು ಖರೀದಿ ಖಾತೆಗೆ ಬರೆದರೂ ತಾಳೆಯಾಗುತ್ತದೆ. ಅದು ತತ್ವದ ತಪ್ಪು, ಕೂಡುವಿಕೆಯಲ್ಲಿ ಸಿಗುವುದಿಲ್ಲ. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದೆ. ಈ ಕೋರ್ಸ್‌ನಲ್ಲಿ ನಾನು ಮಾಡಿದ ಮೂರೂ ತಪ್ಪುಗಳು ಅದೇ ಜಾತಿಯವು. ಮೂಡಲ್ ಒಂದು ಸಲವೂ ತಪ್ಪಾಗಿ ಕೂಡಲಿಲ್ಲ, ಒಂದು ಸಲವೂ ಎಚ್ಚರಿಕೆ ಕೊಡಲಿಲ್ಲ.

ಮುಂದಿನ ವರ್ಷ ಈ ಕೆಲಸ ಮಾಡುವವರಿಗಾಗಿ ಸರ್ ಹೇಳಿ ಒಂದು ಹಾಳೆ ಬರೆಸಿದ್ದಾರೆ. ಅದರಲ್ಲಿ ಮೊದಲ ಕೆಲಸ ಇದು. ನಿಜವಾದ ಹುಡುಗಿಯರನ್ನು ಸೇರಿಸುವ ಮೊದಲು ಮೂರು ಸುಳ್ಳು ಖಾತೆಗಳನ್ನು ಮಾಡಿ. ಒಬ್ಬಳು ದಿನಾ ತಡವಾಗಿ ಬರುವವಳು, ಒಬ್ಬಳು ಬರೀ ಬಂದು ಕೂರುವವಳು, ಒಬ್ಬಳು ಒಂದೇ ಅಸೈನ್‌ಮೆಂಟ್ ಕೊಟ್ಟು ನಿಲ್ಲಿಸಿದವಳು. ಮೂವರಿಗೂ ಎಷ್ಟು ಬರಬೇಕು ಎಂದು ಸರ್ ಜೊತೆ ಕೂತು ಮೊದಲು ಕಾಗದದ ಮೇಲೆ ಬರೆಯಿರಿ. ಆಮೇಲೆ ಮೂಡಲ್ ತೆರೆದು ನೋಡಿ. ಎರಡೂ ಬೇರೆ ಬಂದರೆ, ನೀವು ಮುಟ್ಟದೆ ಬಿಟ್ಟ ಜಾಗ ಎಲ್ಲೋ ಇದೆ ಎಂದರ್ಥ.

ಆ ಹುಡುಗಿ ಈಗ ನನ್ನನ್ನು ಕಂಡಾಗಲೆಲ್ಲ ಫೋನ್ ತೋರಿಸುವುದಿಲ್ಲ, ಜರ್ನಲ್ ಎಂಟ್ರಿ ತೋರಿಸುತ್ತಾಳೆ. ಹೋದ ವಾರ ಡ್ರಾಯಿಂಗ್ಸ್ ಖಾತೆಯನ್ನು ಕ್ರೆಡಿಟ್ ಮಾಡಿದ್ದಳು. ಅದು ಮಾತ್ರ ಅವಳದೇ ತಪ್ಪು.